ಹನ್ನೆರಡಕ್ಕೆ ಖಾಲಿ, ಎರಡಕ್ಕೆ ಸಿದ್ಧ

ದಸರೆಯ ದಿನಗಳಲ್ಲಿ ಮೈಸೂರಿನ ಯಾವುದಾದರೂ ಮಧ್ಯಮ ದರ್ಜೆಯ ಹೋಟೆಲಿನ ಲಾಬಿಯಲ್ಲಿ ಮಧ್ಯಾಹ್ನ ಒಂದೂವರೆಗೆ ನಿಂತರೆ ಎರಡು ಸಾಲುಗಳು ಕಾಣುತ್ತವೆ. ಒಂದು ಸಾಲಿನವರು ಬಿಲ್ ಚುಕ್ತಾ ಮಾಡಿ ಮೈಸೂರುಪಾಕಿನ ಪೊಟ್ಟಣಗಳೊಂದಿಗೆ ಊರಿಗೆ ಹೊರಟವರು. ಇನ್ನೊಂದು ಸಾಲಿನವರು ಬೆಳಿಗ್ಗೆ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೊರಟು ಈಗಷ್ಟೇ ಬಂದಿಳಿದವರು. ಮಕ್ಕಳು ಸೂಟ್‌ಕೇಸಿನ ಮೇಲೆ ಕೂತಿದ್ದಾರೆ, ಅಜ್ಜಿಗೆ ಒಂದಿಷ್ಟು ಕಾಲು ಚಾಚಬೇಕಾಗಿದೆ. ರಿಸೆಪ್ಷನ್ನಿನ ಹಿಂದಿನ ಫಲಕದಲ್ಲಿ ಚೆಕ್‌ಔಟ್ 12 ಗಂಟೆ, ಚೆಕ್‌ಇನ್ 2 ಗಂಟೆ ಎಂದು ಬರೆದಿದೆ. ಕೌಂಟರಿನಲ್ಲಿರುವಾಕೆ ನಿಮಿಷಕ್ಕೊಮ್ಮೆ ಫೋನ್ ಎತ್ತಿ ಮೇಲಿನ ಮಹಡಿಗೆ ಕೇಳುತ್ತಿದ್ದಾಳೆ: ‘ಮೇಡಂ, 312 ಆಯ್ತಾ?’

ಆ ಪ್ರಶ್ನೆಗೆ ಹೌದು ಎನ್ನಲು ಆಗುತ್ತದೋ ಇಲ್ಲವೋ ಎಂಬುದು ಹಿಂದಿನ ಸಂಜೆಯೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಸಂಜೆ ಫ್ರಂಟ್ ಆಫೀಸಿನಿಂದ ಒಂದು ಪಟ್ಟಿ ಹೌಸ್‌ಕೀಪಿಂಗ್ ವಿಭಾಗಕ್ಕೆ ಬರುತ್ತದೆ. ನಾಳೆ ಎಷ್ಟು ಕೋಣೆ ಖಾಲಿಯಾಗುತ್ತವೆ, ಎಷ್ಟರಲ್ಲಿ ಅತಿಥಿಗಳು ಮುಂದುವರಿಯುತ್ತಾರೆ, ಎಷ್ಟು ಹೊಸಬರು ಬರುತ್ತಾರೆ ಎಂಬುದು ಅದರಲ್ಲಿರುತ್ತದೆ. ಅದನ್ನು ಮುಂದಿಟ್ಟುಕೊಂಡು ಹೌಸ್‌ಕೀಪಿಂಗ್ ಮುಖ್ಯಸ್ಥರು ನಾಳೆ ಯಾರು ಬರಬೇಕು, ಎಷ್ಟು ಹೊತ್ತಿಗೆ ಬರಬೇಕು, ಯಾರಿಗೆ ಯಾವ ಕೋಣೆಗಳು ಎಂದು ಬರೆಯುತ್ತಾರೆ. ಹೆಚ್ಚಿನ ಕಡೆ ಈ ಲೆಕ್ಕ ‘ಎಷ್ಟು ಜನ’ ಎಂಬಲ್ಲಿಗೇ ನಿಂತುಬಿಡುತ್ತದೆ. ಲಾಬಿಯಲ್ಲಿ ಕಾಯುವವರ ಸಂಖ್ಯೆಯನ್ನು ನಿರ್ಧರಿಸುವುದು ಮಾತ್ರ ‘ಎಷ್ಟು ಹೊತ್ತಿಗೆ’ ಎಂಬ ಇನ್ನೊಂದು ಪ್ರಶ್ನೆ.

ಒಂದು ಉದಾಹರಣೆಯನ್ನು ಪೂರ್ತಿ ಲೆಕ್ಕ ಹಾಕಿ ನೋಡಬಹುದು. ನೂರು ಕೋಣೆಗಳ ಹೋಟೆಲೊಂದನ್ನು ಕಲ್ಪಿಸಿಕೊಳ್ಳೋಣ. ದಸರೆಯ ಶನಿವಾರ. ನಿನ್ನೆ ರಾತ್ರಿ ನೂರೂ ಕೋಣೆ ಭರ್ತಿ, ಇವತ್ತು ರಾತ್ರಿಯೂ ಭರ್ತಿ. 60 ಕೋಣೆಗಳಲ್ಲಿದ್ದವರು ಹೊರಡುತ್ತಾರೆ, ಆ 60ಕ್ಕೂ ಹೊಸಬರು ಬರುತ್ತಾರೆ. ಉಳಿದ 40ರಲ್ಲಿ ಇದ್ದವರೇ ಇರುತ್ತಾರೆ. ಹೌಸ್‌ಕೀಪಿಂಗ್ ಭಾಷೆಯಲ್ಲಿ ಮೊದಲನೆಯವು ಡಿಪಾರ್ಚರ್ ರೂಮ್‌ಗಳು, ಎರಡನೆಯವು ಆಕ್ಯುಪೈಡ್ ರೂಮ್‌ಗಳು.

ಇವೆರಡಕ್ಕೂ ಹಿಡಿಯುವ ಹೊತ್ತು ಒಂದೇ ಅಲ್ಲ. ಆಕ್ಯುಪೈಡ್ ರೂಮಿನಲ್ಲಿ ಅತಿಥಿಯ ಬಟ್ಟೆಬರೆ, ಪುಸ್ತಕ, ಚಾರ್ಜರ್ ಎಲ್ಲ ಇದ್ದಲ್ಲೇ ಇರಬೇಕು. ಹಾಸಿಗೆ ಸರಿಮಾಡಿ, ಕಸ ತೆಗೆದು, ಬಾತ್‌ರೂಮ್ ತೊಳೆದು, ಟವೆಲ್ ಬದಲಿಸಿ, ನೀರಿನ ಬಾಟಲಿ ಇಟ್ಟು ಹೊರಬರಬಹುದು. ಡಿಪಾರ್ಚರ್ ರೂಮಿನಲ್ಲಿ ಹಿಂದಿನವರ ಒಂದು ಕೂದಲೂ ಉಳಿಯಕೂಡದು. ಪರದೆ ಸರಿಸಿ ಬೆಳಕು ಬಿಡುವುದು, ಮರೆತು ಹೋದ ವಸ್ತುಗಳಿಗಾಗಿ ಕಪಾಟು, ಡ್ರಾಯರ್, ಮಂಚದ ಕೆಳಗೆ ನೋಡುವುದು, ಬೆಡ್‌ಶೀಟ್ ದಿಂಬಿನ ಕವರ್ ಎಲ್ಲ ಕಿತ್ತು ಟ್ರಾಲಿಯ ಚೀಲಕ್ಕೆ ಹಾಕುವುದು, ಕಮೋಡಿಗೆ ಕ್ಲೀನರ್ ಸುರಿದು ಅದು ಕೆಲಸ ಮಾಡುವಷ್ಟರಲ್ಲಿ ಹಾಸಿಗೆ ಹಾಸುವುದು, ಧೂಳು ಒರೆಸುವುದು, ಬಾತ್‌ರೂಮ್ ಉಜ್ಜಿ ಒಣಗಿಸುವುದು, ಸೋಪು ಶಾಂಪೂ ಟೀ ಪೊಟ್ಟಣಗಳನ್ನು ತುಂಬಿಸುವುದು. ಕೊನೆಗೆ ನೆಲ ಒರೆಸುತ್ತ ಹಿಂದೆ ಹಿಂದೆ ಬಾಗಿಲವರೆಗೆ ಬಂದು, ಅಲ್ಲಿಂದ ಒಮ್ಮೆ ಕಣ್ಣಾಡಿಸುವುದು. ನಮ್ಮ ಹೋಟೆಲಿನಲ್ಲಿ ಡಿಪಾರ್ಚರ್ ರೂಮಿಗೆ 35 ನಿಮಿಷ, ಆಕ್ಯುಪೈಡ್ ರೂಮಿಗೆ 20 ನಿಮಿಷ ಎಂದಿಟ್ಟುಕೊಳ್ಳೋಣ.

ಈ ನಿಮಿಷಗಳು ಎಲ್ಲಿಂದ ಬರಬೇಕು ಎಂಬುದು ಸಣ್ಣ ಮಾತಲ್ಲ. ಅನೇಕ ಕಡೆ ಮ್ಯಾನೇಜರ್ ಹಿಂದೆ ಕೆಲಸ ಮಾಡಿದ ಹೋಟೆಲಿನ ಅಂಕಿಯನ್ನೇ ತಂದು ಇಲ್ಲಿಗೆ ಅಂಟಿಸಿರುತ್ತಾರೆ. ಅದು ನಂಬಲರ್ಹವಲ್ಲ. ಬಾತ್‌ಟಬ್ ಇರುವ ಕೋಣೆ, ಗಾಜಿನ ಶವರ್ ಗೋಡೆಯಿರುವ ಕೋಣೆ, ಎರಡು ಮಂಚದ ಕೋಣೆ, ಎಕ್ಸ್‌ಟ್ರಾ ಬೆಡ್ ಹಾಕಿದ ಕೋಣೆ ಇವೆಲ್ಲಕ್ಕೂ ಬೇರೆ ಬೇರೆ ಹೊತ್ತು ಬೇಕು. ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿರುವ ಊರಿನಲ್ಲಿ ನಲ್ಲಿಯ ಮೇಲಿನ ಬಿಳಿಕಲೆ ತೆಗೆಯುವುದಕ್ಕೇ ಒಂದೆರಡು ನಿಮಿಷ ಹೆಚ್ಚು. ಆದ್ದರಿಂದ ತಮ್ಮ ಕಟ್ಟಡದಲ್ಲೇ, ತಮ್ಮ ಸಿಬ್ಬಂದಿಯೇ ಕೆಲಸ ಮಾಡುವಾಗ ಅಳೆಯಬೇಕು. ಬೇರೆ ಬೇರೆ ಜನ, ಬೇರೆ ಬೇರೆ ಬಗೆಯ ಕೋಣೆ, ವಾರದ ದಿನ, ರಜೆಯ ದಿನ ಎಲ್ಲವೂ ಅದರಲ್ಲಿ ಬರಬೇಕು. ಅಳತೆ ಶುರುವಾಗಬೇಕಾದದ್ದು ಬಾಗಿಲು ತಟ್ಟಿದಾಗ, ಮುಗಿಯಬೇಕಾದದ್ದು ಮುಂದಿನ ಬಾಗಿಲು ತಟ್ಟಿದಾಗ. ಹಾಗಾದರೆ ಟ್ರಾಲಿ ತಳ್ಳಿದ್ದು, ಪ್ಯಾಂಟ್ರಿಗೆ ಓಡಿ ದಿಂಬಿನ ಕವರ್ ತಂದದ್ದು, ಸರ್ವಿಸ್ ಲಿಫ್ಟಿಗೆ ಕಾದದ್ದು ಎಲ್ಲವೂ ಲೆಕ್ಕಕ್ಕೆ ಸಿಗುತ್ತವೆ. ತಂಡದ ಅತಿ ಚುರುಕಿನ ಹುಡುಗನ 24 ನಿಮಿಷವನ್ನು ಎಲ್ಲರಿಗೂ ಅಳತೆಗೋಲು ಮಾಡಿದರೆ, ಉಳಿದವರು ಸಮಯ ಹೊಂದಿಸಲು ಬಾತ್‌ರೂಮನ್ನು ಅರ್ಧಕ್ಕೇ ಬಿಡುತ್ತಾರೆ. ಮಂಚದ ಕೆಳಗೆ ಯಾರೂ ನೋಡುವುದಿಲ್ಲ.

ಈಗ ಗುಣಾಕಾರ. 60 ಡಿಪಾರ್ಚರ್ ರೂಮಿಗೆ 35ರಂತೆ 2,100 ನಿಮಿಷ. 40 ಆಕ್ಯುಪೈಡ್ ರೂಮಿಗೆ 20ರಂತೆ 800. ಒಟ್ಟು 2,900 ನಿಮಿಷ.

ಒಬ್ಬರ ದಿನದಲ್ಲಿ ಎಷ್ಟು ನಿಮಿಷ ಇವೆ? ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಡ್ಯೂಟಿ, ನಡುವೆ ಒಂದು ಗಂಟೆ ಊಟ. ಉಳಿಯುವುದು 480 ನಿಮಿಷ. 2,900ನ್ನು 480ರಿಂದ ಭಾಗಿಸಿದರೆ ಆರು ಜನಕ್ಕಿಂತ ಸ್ವಲ್ಪ ಹೆಚ್ಚು ಕೆಲಸ ಬರುತ್ತದೆ. ‘ಆರು ಜನ ಸಾಕು, ಸ್ವಲ್ಪ ಬೇಗ ಬೇಗ ಮಾಡಲಿ’ ಎಂದು ಬರೆದುಬಿಡುವ ಆಸೆ ಹುಟ್ಟುವುದೇ ಇಲ್ಲಿ. ಆದರೆ ಆ 480 ನಿಮಿಷವೂ ಕೋಣೆಯೊಳಗೆ ಕಳೆಯುವಂಥದ್ದಲ್ಲ. ಬೆಳಗಿನ ಬ್ರೀಫಿಂಗ್, ಕೀಲಿ ಪಡೆಯುವುದು, ಟ್ರಾಲಿ ತುಂಬುವುದು ಸೇರಿ ಅರ್ಧ ಗಂಟೆ. ಟೀಗೆ ಕಾಲು ಗಂಟೆ. ದಿನದ ಕೊನೆಗೆ ಮಾಸಿದ ಬಟ್ಟೆ ಎಣಿಸಿ ಲಾಂಡ್ರಿಗೆ ಕೊಟ್ಟು, ಟ್ರಾಲಿ ಒರೆಸಿಟ್ಟು, ಕೀಲಿ ಹಿಂತಿರುಗಿಸಲು ಇನ್ನೊಂದು ಕಾಲು ಗಂಟೆ. ನಿಜವಾಗಿ ಕೈಗೆ ಸಿಗುವುದು 420 ನಿಮಿಷ. 2,900ನ್ನು 420ರಿಂದ ಭಾಗಿಸಿದರೆ 6.9. ಅಂದರೆ ಏಳು ಜನ ಬೇಕು. ಏಳು ಜನರ ಬಳಿ ಇರುವುದು 2,940 ನಿಮಿಷ, ಬೇಕಾದದ್ದು 2,900. ಕಾಗದದ ಮೇಲೆ ಲೆಕ್ಕ ಚೆನ್ನಾಗಿ ಕೂತಿತು.

ಇಷ್ಟಾದ ಮೇಲೂ ಮಧ್ಯಾಹ್ನ ಎರಡಕ್ಕೆ ಲಾಬಿಯಲ್ಲಿ ಜನ ಕಾಯುತ್ತಾರೆ.

ಏಕೆಂದರೆ ಆ 2,900 ನಿಮಿಷದ ಕೆಲಸ ಬೆಳಿಗ್ಗೆ ಎಂಟಕ್ಕೇ ಮುಂದೆ ಬಂದು ಬಿದ್ದಿರುವುದಿಲ್ಲ. ಅತಿಥಿ ಎದ್ದು ಹೋಗುವ ತನಕ ಕೋಣೆ ಹೌಸ್‌ಕೀಪಿಂಗ್ ಕೈಗೆ ಸಿಗುವುದಿಲ್ಲ. ಪ್ರವಾಸಕ್ಕೆ ಬಂದ ಕುಟುಂಬ ಬೆಳಿಗ್ಗೆ ನಿಧಾನವಾಗಿ ಏಳುತ್ತದೆ, ಬಫೆ ಮುಗಿಯುವ ಹೊತ್ತಿಗೆ ತಿಂಡಿಗೆ ಇಳಿಯುತ್ತದೆ, ಮತ್ತೆ ಮೇಲೆ ಹೋಗಿ ಬಟ್ಟೆ ತುಂಬಿಕೊಂಡು ಹನ್ನೆರಡರ ಆಸುಪಾಸಿನಲ್ಲಿ ಕೆಳಗೆ ಬರುತ್ತದೆ. ನಮ್ಮ ಉದಾಹರಣೆಯ ಹೋಟೆಲಿನಲ್ಲಿ ಎಂಟು ಗಂಟೆಗೆ 3 ಕೋಣೆ ಖಾಲಿ, ಹತ್ತಕ್ಕೆ 11, ಹನ್ನೊಂದಕ್ಕೆ 20, ಹನ್ನೆರಡಕ್ಕೆ 42, ತಡಮಾಡಿದವರೆಲ್ಲ ಹೊರಟು ಒಂದು ಗಂಟೆಗೆ 60. ಅಂದರೆ ಮೂರರಲ್ಲಿ ಎರಡು ಪಾಲು ಕೋಣೆಗಳು ಹನ್ನೊಂದರಿಂದ ಒಂದರ ನಡುವೆ ಕೈಗೆ ಬರುತ್ತವೆ.

ಎಲ್ಲ ಏಳು ಜನರೂ ಎಂಟಕ್ಕೇ ಬಂದರು ಎನ್ನಿ. ಹನ್ನೊಂದರ ತನಕ ಅವರ ಬಳಿ ಒಟ್ಟು 945 ನಿಮಿಷ ಇರುತ್ತದೆ. ಖಾಲಿಯಾದದ್ದರಲ್ಲಿ 16 ಡಿಪಾರ್ಚರ್ ರೂಮ್ ಮುಗಿಸುತ್ತಾರೆ. ಮಿಕ್ಕ ಹೊತ್ತಿನಲ್ಲಿ ಬಾಗಿಲು ತೆರೆದ 19 ಆಕ್ಯುಪೈಡ್ ರೂಮ್‌ಗಳನ್ನು ಮಾಡುತ್ತಾರೆ. ಹನ್ನೊಂದರಿಂದ ಹನ್ನೆರಡರ ತನಕ ಇನ್ನು 12 ಡಿಪಾರ್ಚರ್, ಒಟ್ಟು 28. ಇಷ್ಟರಲ್ಲಿ ಊಟದ ಹೊತ್ತು ಬಂತು. ಹೋಟೆಲುಗಳಿಗೆ ಅನ್ವಯಿಸುವ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ಐದು ಗಂಟೆ ದುಡಿದ ಮೇಲೆ ಕನಿಷ್ಠ ಒಂದು ಗಂಟೆ ಬಿಡುವು ಕೊಡಲೇಬೇಕು. ಎಂಟಕ್ಕೆ ಬಂದವರನ್ನು ಒಂದು ಗಂಟೆಯ ಆಚೆ ಹಿಡಿದಿಡುವಂತಿಲ್ಲ, ಹಿಡಿಯಲೂಬಾರದು. ಮೂವರು ಹನ್ನೆರಡಕ್ಕೆ ಊಟಕ್ಕೆ ಹೋದರು, ನಾಲ್ವರು ಒಂದಕ್ಕೆ ಹೋದರು. ಹನ್ನೆರಡರಿಂದ ಒಂದರ ತನಕ 7 ಕೋಣೆ, ಒಂದರಿಂದ ಎರಡರ ತನಕ 5 ಕೋಣೆ ಮಾತ್ರ ಆದವು. ಎರಡು ಗಂಟೆಗೆ ಸಿದ್ಧವಾದದ್ದು 40.

ಕೋಣೆಗಳೆಲ್ಲ ಖಾಲಿಯಾಗಿ ಬಿದ್ದಿರುವ ಆ ಎರಡು ಗಂಟೆಗಳಲ್ಲೇ ತಂಡದ ಅರ್ಧ ಜನ ಊಟಕ್ಕೆ ಕೂತಿರುತ್ತಾರೆ. ಇದರಲ್ಲಿ ಅವರ ತಪ್ಪೇನೂ ಇಲ್ಲ, ತಪ್ಪಿರುವುದು ಎಲ್ಲರನ್ನೂ ಎಂಟಕ್ಕೇ ಕರೆಸಿದ ಪಟ್ಟಿಯಲ್ಲಿ.

ಅದೇ ಏಳು ಜನರನ್ನು ಬೇರೆ ಹೊತ್ತಿಗೆ ಕರೆಸಿ ನೋಡೋಣ. ಮೂವರು ಎಂಟಕ್ಕೆ, ನಾಲ್ವರು ಹತ್ತಕ್ಕೆ. ಹತ್ತಕ್ಕೆ ಬಂದವರು ಸಂಜೆ ಏಳರ ತನಕ ಇರುತ್ತಾರೆ. ಒಬ್ಬರಿಗೂ ಒಂದು ನಿಮಿಷವೂ ಹೆಚ್ಚು ಕೆಲಸವಿಲ್ಲ. ಹನ್ನೊಂದಕ್ಕೆ 14 ಡಿಪಾರ್ಚರ್ ರೂಮ್ ಮುಗಿದಿರುತ್ತವೆ, ಹನ್ನೆರಡಕ್ಕೆ 26. ಮೊದಲ ತಂಡಕ್ಕಿಂತ ಎರಡು ಹಿಂದೆ. ಎಂಟಕ್ಕೆ ಬಂದ ಮೂವರು ಹನ್ನೆರಡಕ್ಕೆ ಊಟಕ್ಕೆ ಹೋಗುತ್ತಾರೆ. ಉಳಿದ ನಾಲ್ವರು 7 ಕೋಣೆ ಮುಗಿಸಿ ಒಂದು ಗಂಟೆಗೆ ಲೆಕ್ಕವನ್ನು 33ಕ್ಕೆ ತರುತ್ತಾರೆ. ಆಟ ತಿರುಗುವುದು ಇಲ್ಲಿಂದ. ಹತ್ತಕ್ಕೆ ಬಂದವರ ಊಟ ಮೂರಕ್ಕಿಟ್ಟರೂ ಕಾಯ್ದೆಯ ಐದು ಗಂಟೆ ಮೀರುವುದಿಲ್ಲ. ಹಾಗಾಗಿ ಒಂದರಿಂದ ಮೂರರ ತನಕ ಏಳೂ ಜನ ಕೋಣೆಗಳಲ್ಲಿರುತ್ತಾರೆ. ಎರಡು ಗಂಟೆಗೆ 45 ಸಿದ್ಧ, ಮೂರಕ್ಕೆ 57. ಮೊದಲ ಪಟ್ಟಿಯಲ್ಲಿ ಮೂರು ಗಂಟೆಗೆ ಆಗಿರುತ್ತಿದ್ದದ್ದು 52.

ಐದು ಕೋಣೆಗಳ ವ್ಯತ್ಯಾಸ. ಅಂದರೆ ಐದು ಕುಟುಂಬಗಳು ಲಾಬಿಯಿಂದ ಮೇಲೆ ಹೋಗುತ್ತವೆ. ಅದಕ್ಕಾಗಿ ಒಬ್ಬರನ್ನೂ ಹೊಸದಾಗಿ ತೆಗೆದುಕೊಂಡಿಲ್ಲ, ಯಾರನ್ನೂ ಓಡಿಸಿಲ್ಲ.

ಆದರೂ ಇದಕ್ಕೊಂದು ಬೆಲೆಯಿದೆ, ಅದನ್ನು ಮುಚ್ಚಿಡಬಾರದು. ಎರಡನೆಯ ಪಟ್ಟಿಯಲ್ಲಿ ಆಕ್ಯುಪೈಡ್ ರೂಮ್‌ಗಳು ಬಹುತೇಕ ಎಲ್ಲವೂ ಮೂರು ಗಂಟೆಯ ನಂತರಕ್ಕೆ ಹೋದವು. ಬೆಳಿಗ್ಗೆ ಚಾಮುಂಡಿ ಬೆಟ್ಟಕ್ಕೆ ಹೋಗಿ ಎರಡಕ್ಕೆ ಮರಳಿ ಬಂದವರು ತಾವು ಬಿಟ್ಟುಹೋದ ಹಾಸಿಗೆ ಹಾಗೆಯೇ ಇರುವುದನ್ನು ಕಂಡು ಬೇಸರಪಡುತ್ತಾರೆ. ನಾಲ್ಕಕ್ಕೆ ಬಾಗಿಲು ತಟ್ಟಿದರೆ ಮಲಗಿರುತ್ತಾರೆ, ಇಲ್ಲವೇ ‘ಡು ನಾಟ್ ಡಿಸ್ಟರ್ಬ್’ ಫಲಕ ನೇತಾಡುತ್ತಿರುತ್ತದೆ. ಇದಕ್ಕೆ ಒಳ್ಳೆಯ ಹೋಟೆಲುಗಳು ಮಾಡುವುದು ಇಷ್ಟೇ: ಬೆಳಿಗ್ಗೆ ‘ಕೋಣೆ ಸ್ವಚ್ಛ ಮಾಡಿ’ ಎಂಬ ಫಲಕ ಹಾಕಿಹೋದ ಕೋಣೆಗಳನ್ನು ಎಂಟಕ್ಕೆ ಬಂದವರು ಮೊದಲು ಮುಗಿಸುತ್ತಾರೆ. ಮಿಕ್ಕವರನ್ನು ತಿಂಡಿಯ ಹೊತ್ತಿಗೇ ಎಷ್ಟು ಗಂಟೆಗೆ ಬರಲಿ ಎಂದು ಕೇಳಿಟ್ಟುಕೊಳ್ಳುತ್ತಾರೆ. ದಸರೆಯಲ್ಲಿ ಸಂಜೆ ಅರಮನೆಯ ದೀಪಾಲಂಕಾರ ನೋಡಲು ಹೊರಡುವವರಿಗೆ ಐದು ಆರರ ಹೊತ್ತು ಅನುಕೂಲವೇ. ಹೀಗೆ ಐದಾರು ಆಕ್ಯುಪೈಡ್ ರೂಮ್‌ಗಳನ್ನು ಬೆಳಿಗ್ಗೆಗೆ ಎಳೆದರೆ ಎರಡು ಗಂಟೆಯ 45 ಕೋಣೆ 42ಕ್ಕೋ 41ಕ್ಕೋ ಇಳಿಯುತ್ತದೆ. ಯಾವ ಅತಿಥಿ ಎಷ್ಟು ಕಾಯಬಹುದು ಎಂಬುದನ್ನು ಹೋಟೆಲ್ ಆರಿಸಿಕೊಳ್ಳಬೇಕು. ಗಡಿಯಾರ ಎರಡನ್ನೂ ಕೊಡುವುದಿಲ್ಲ.

ಇನ್ನೊಂದು ಕುತ್ತು ಪಟ್ಟಿಯಲ್ಲಿ ಕಾಣುವುದೇ ಇಲ್ಲ. ರೂಮ್ ಅಟೆಂಡೆಂಟ್ ಕೆಲಸ ಮುಗಿಸಿದ ಕೂಡಲೇ ಕೋಣೆಯನ್ನು ಮಾರುವಂತಿಲ್ಲ. ಸೂಪರ್‌ವೈಸರ್ ಬಂದು ನೋಡಬೇಕು. ಬಾತ್‌ರೂಮಿನ ಮೂಲೆ, ದಿಂಬಿನ ಕವರ್, ಟಿವಿ ರಿಮೋಟ್, ಎಸಿ, ಗೀಸರ್, ಉರಿಯದ ಬಲ್ಬು ಇವೆಲ್ಲ ಪರೀಕ್ಷೆಯಾದ ಮೇಲಷ್ಟೇ ಕಂಪ್ಯೂಟರಿನಲ್ಲಿ ಆ ಕೋಣೆಯ ಸ್ಥಿತಿ ಬದಲಾಗುತ್ತದೆ. ಒಂದು ಕೋಣೆಗೆ ಆರು ನಿಮಿಷ ಹಿಡಿಯುತ್ತದೆ ಎಂದುಕೊಂಡರೆ, ಒಂದರಿಂದ ಎರಡರ ನಡುವೆ ಮುಗಿಯುವ 12 ಕೋಣೆಗೆ 72 ನಿಮಿಷ ಬೇಕು. ಸೂಪರ್‌ವೈಸರ್ ಬಳಿ ಇರುವುದು 60. ಅದರಲ್ಲೂ ಐದು ಮಹಡಿ ಹತ್ತಿಳಿಯಬೇಕು, ನಡುನಡುವೆ ‘312 ಆಯ್ತಾ?’ ಎಂಬ ಫೋನಿಗೂ ಉತ್ತರಿಸಬೇಕು. ಏಳು ಜನರ ಸಮಯವನ್ನು ಅಚ್ಚುಕಟ್ಟಾಗಿ ಹೊಂದಿಸಿ ಗಳಿಸಿದ ಐದು ಕೋಣೆಗಳು ಒಬ್ಬ ಸೂಪರ್‌ವೈಸರಿನ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ.

ಇದು ನಡೆಯುತ್ತಿದೆಯೇ ಎಂದು ತಿಳಿಯುವುದು ಸುಲಭ. ಪ್ರತಿ ಕೋಣೆಗೆ ಮೂರು ಹೊತ್ತು ಬರೆದಿಟ್ಟರೆ ಸಾಕು: ಖಾಲಿಯಾದದ್ದು, ಸ್ವಚ್ಛವಾದದ್ದು, ಪರೀಕ್ಷೆಯಾದದ್ದು. ಮೊದಲೆರಡರ ನಡುವಿನ ಅಂತರ ಬೆಳೆಯುತ್ತಿದ್ದರೆ ರೂಮ್ ಅಟೆಂಡೆಂಟ್‌ಗಳು ಸಾಲುತ್ತಿಲ್ಲ, ಅಥವಾ ಸರಿಯಾದ ಮಹಡಿಯಲ್ಲಿಲ್ಲ. ಕೊನೆಯ ಎರಡರ ನಡುವಿನದು ಬೆಳೆಯುತ್ತಿದ್ದರೆ ಇನ್ನೂ ಇಬ್ಬರು ಅಟೆಂಡೆಂಟ್‌ಗಳನ್ನು ತಂದರೂ ಲಾಬಿಯ ಸಾಲು ಕರಗುವುದಿಲ್ಲ. ಆಗ ಹೌಸ್‌ಕೀಪಿಂಗ್ ಮುಖ್ಯಸ್ಥರೇ ಆಫೀಸು ಬಿಟ್ಟು ಒಂದರಿಂದ ಮೂರರ ತನಕ ಎರಡು ಮಹಡಿಗಳ ಪರೀಕ್ಷೆ ವಹಿಸಿಕೊಳ್ಳಬೇಕು. ವರ್ಷಗಟ್ಟಲೆ ದೋಷವಿಲ್ಲದೆ ಕೆಲಸ ಮಾಡಿದ ಹಿರಿಯ ಅಟೆಂಡೆಂಟ್‌ಗಳಿಗೆ ತಮ್ಮ ಕೋಣೆಯನ್ನು ತಾವೇ ಪಾಸ್ ಮಾಡುವ ಅಧಿಕಾರ ಕೊಡುವುದು ಇನ್ನೊಂದು ದಾರಿ. ಈ ಎರಡನೆಯ ದಾರಿ ಕೆಲಸಗಾರರ ಮೇಲೆ ಹೋಟೆಲಿಗಿರುವ ನಂಬಿಕೆಯನ್ನೂ ತೋರಿಸುತ್ತದೆ, ಆದರೆ ಅದರ ಜೊತೆಗೆ ಸಂಬಳದಲ್ಲೂ ಏನಾದರೂ ಸೇರಬೇಕು.

ಲಿನನ್ನಿನ ಮಾತೂ ಇಲ್ಲೇ ಬರುತ್ತದೆ. ಅರವತ್ತು ಕೋಣೆಯ ಬೆಡ್‌ಶೀಟುಗಳನ್ನು ಒಂದೇ ದಿನ ಕಿತ್ತು ಹೊಸದು ಹಾಸಬೇಕಾದರೆ, ಮಂಚದ ಮೇಲೊಂದು ಸೆಟ್, ಲಾಂಡ್ರಿಯಲ್ಲೊಂದು, ಕಪಾಟಿನಲ್ಲೊಂದು ಹೀಗೆ ಕನಿಷ್ಠ ಮೂರು ಪಾಲು ಬೇಕೇ ಬೇಕು. ಹೊರಗಿನ ಲಾಂಡ್ರಿಯ ವ್ಯಾನ್ ಮೂರಕ್ಕೆ ಬರುವುದಾದರೆ ಹನ್ನೆರಡರಿಂದ ಎರಡರ ತನಕದ ಕೆಲಸ ಪೂರ್ತಿ ಕಪಾಟಿನ ಬಟ್ಟೆಯಿಂದಲೇ ನಡೆಯಬೇಕು. ದಸರೆಯ ವಾರದಲ್ಲಿ ಮಳೆ ಬಂದು ಲಾಂಡ್ರಿ ತಡವಾದಾಗ ಅಟೆಂಡೆಂಟ್‌ಗಳು ಕೋಣೆಯ ಉಳಿದೆಲ್ಲ ಕೆಲಸ ಮುಗಿಸಿ ಬರಿ ಹಾಸಿಗೆಯ ಮುಂದೆ ಕಾಯುವುದುಂಟು.

ಇಷ್ಟೆಲ್ಲಕ್ಕೂ ಆಧಾರ ಅತಿಥಿಗಳು ಹೊರಡುವ ಹೊತ್ತು. ಅದು ಹಿಂದಿನ ಸಂಜೆ ಹೇಗೆ ತಿಳಿಯಬೇಕು? ಪಟ್ಟಿಯಲ್ಲಿ ಹೊರಡುವವರ ಸಂಖ್ಯೆ ಇರುತ್ತದೆ, ಹೊತ್ತು ಇರುವುದಿಲ್ಲ. ಹಿಂದಿನ ವಾರಗಳ ಬಿಲ್‌ಗಳಲ್ಲಿ ಚೆಕ್‌ಔಟ್ ಆದ ಸಮಯ ದಾಖಲಾಗಿರುತ್ತದೆ. ಅದರಿಂದ ಶನಿವಾರಗಳ ರೂಢಿ, ಸೋಮವಾರಗಳ ರೂಢಿ ತಕ್ಕಮಟ್ಟಿಗೆ ತಿಳಿಯುತ್ತದೆ. ಸೋಮವಾರ ಆಫೀಸು ಕೆಲಸಕ್ಕೆ ಬಂದವರು ಎಂಟು ಒಂಬತ್ತಕ್ಕೇ ಬ್ಯಾಗ್ ಹಿಡಿದು ಹೊರಡುತ್ತಾರೆ. ಆ ದಿನ ಎಲ್ಲರನ್ನೂ ಎಂಟಕ್ಕೆ ಕರೆಸುವುದೇ ಸರಿ. ಶನಿವಾರದ ಪಟ್ಟಿಯನ್ನು ಸೋಮವಾರಕ್ಕೆ, ಸೋಮವಾರದ್ದನ್ನು ದಸರೆಗೆ ಹಾಕುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಬಿಲ್ಲಿನ ಸಮಯವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಹತ್ತಕ್ಕೇ ಹಣ ಕಟ್ಟಿ ಮತ್ತೆ ಕೋಣೆಗೆ ಹೋಗಿ ಹನ್ನೆರಡರ ತನಕ ಇರುವವರಿದ್ದಾರೆ. ಹಿಂದಿನ ರಾತ್ರಿಯೇ ಲೆಕ್ಕ ಮುಗಿಸಿ ಬೆಳಿಗ್ಗೆ ಆರಕ್ಕೆ ಕೀಲಿಯನ್ನು ಕೋಣೆಯಲ್ಲೇ ಇಟ್ಟು ಹೊರಟವರೂ ಇದ್ದಾರೆ. ಇಂಥ ಕೋಣೆ ಕಂಪ್ಯೂಟರಿನಲ್ಲಿ ಮಧ್ಯಾಹ್ನದವರೆಗೆ ಭರ್ತಿ ಎಂದೇ ಕಾಣುತ್ತಿರುತ್ತದೆ. ಅದಕ್ಕಾಗಿಯೇ ಬೆಳಿಗ್ಗೆ ಮಹಡಿಯ ಮೇಲೊಂದು ಸುತ್ತು ಹಾಕಿ, ಸಾಮಾನಿಲ್ಲದ ಕೋಣೆಗಳನ್ನು ಗುರುತಿಸಿ, ಫ್ರಂಟ್ ಆಫೀಸಿನ ಪಟ್ಟಿಯೊಂದಿಗೆ ತಾಳೆ ನೋಡುವ ಪದ್ಧತಿ ಇದೆ. ಎಂಟೂವರೆಗೆ ಹೀಗೆ ಸಿಕ್ಕ ಎರಡು ಮೂರು ಕೋಣೆಗಳು ಹನ್ನೆರಡರ ಒತ್ತಡವನ್ನು ನೇರವಾಗಿ ತಗ್ಗಿಸುತ್ತವೆ. ಗುಂಪಿನಲ್ಲಿ ಬಂದವರದ್ದು ಇನ್ನೊಂದು ಕಥೆ. ಒಂದು ಬಸ್ಸಿನ 15 ಕೋಣೆಗಳು ಹೆಚ್ಚಾಗಿ ಒಂದೇ ಮಹಡಿಯಲ್ಲಿರುತ್ತವೆ ಮತ್ತು ಒಂದೇ ಹತ್ತು ನಿಮಿಷದಲ್ಲಿ ಖಾಲಿಯಾಗುತ್ತವೆ. ಒಬ್ಬರಿಗೆ ಒಂದು ಮಹಡಿ ಎಂದು ಕಾಯಂ ಹಂಚಿಟ್ಟ ಕಡೆ ಆ ಮಹಡಿಯವರು ಬೆವರು ಸುರಿಸುತ್ತಿರುತ್ತಾರೆ, ಕೆಳಗಿನ ಮಹಡಿಯವರು ಖಾಲಿಯಾಗದ ಬಾಗಿಲುಗಳ ಮುಂದೆ ಅಡ್ಡಾಡುತ್ತಿರುತ್ತಾರೆ. ಕೋಣೆಗಳನ್ನು ಎಣಿಕೆಯಿಂದ ಹಂಚದೆ ನಿಮಿಷದಿಂದ ಹಂಚುವುದು, ಹನ್ನೊಂದಕ್ಕೆ ಒಮ್ಮೆ ಹಂಚಿಕೆಯನ್ನು ಮರಳಿ ನೋಡುವುದು ಇದಕ್ಕಿರುವ ಪರಿಹಾರ.

ಬೆಂಗಳೂರಿನ ಮೆಜೆಸ್ಟಿಕ್, ಗಾಂಧಿನಗರದ ಅನೇಕ ಲಾಡ್ಜುಗಳಲ್ಲಿ ಈ ಇಡೀ ಚಿತ್ರ ಬೇರೆಯಾಗುತ್ತದೆ. ಅಲ್ಲಿ 24 ಗಂಟೆಯ ಚೆಕ್‌ಔಟ್. ಬೆಳಿಗ್ಗೆ ಆರಕ್ಕೆ ಬಂದವರು ಮಾರನೆಯ ಬೆಳಿಗ್ಗೆ ಆರರೊಳಗೆ ಬಿಟ್ಟರೆ ಸಾಕು, ರಾತ್ರಿ ಒಂಬತ್ತಕ್ಕೆ ಬಂದವರು ರಾತ್ರಿ ಒಂಬತ್ತಕ್ಕೆ. ಕೋಣೆಗಳು ದಿನವಿಡೀ ಒಂದೊಂದಾಗಿ ಖಾಲಿಯಾಗುತ್ತವೆ, ದಿನವಿಡೀ ಒಂದೊಂದಾಗಿ ತುಂಬುತ್ತವೆ. ರಾತ್ರಿ ಬಸ್ಸು, ರೈಲುಗಳಲ್ಲಿ ಬಂದವರು ನಸುಕಿನಲ್ಲೇ ಕೋಣೆ ಕೇಳುತ್ತಾರೆ. ಅಲ್ಲಿ ಹನ್ನೆರಡರ ನೂಕುನುಗ್ಗಲಿಲ್ಲ, ಅದರ ಬದಲು ಯಾವ ಹೊತ್ತಿಗೂ ಒಬ್ಬ ರೂಮ್ ಬಾಯ್ ಸಿದ್ಧವಿರಬೇಕು. ಒಂದೇ ಸಂಖ್ಯೆಯ ಕೋಣೆ, ಒಂದೇ ನಿಮಿಷಗಳ ಕೆಲಸ, ಆದರೆ ಏಳು ಜನರ ಒಂದು ಪಾಳಿಯ ಬದಲು ಮೂರು ಪಾಳಿಗಳು. ಯಾರೂ ಕೋಣೆ ಕೇಳದ ಹೊತ್ತಿನಲ್ಲಿ ಕಾಯುವುದೂ ಅಲ್ಲಿ ಡ್ಯೂಟಿಯ ಭಾಗ.

ಈ ಲೆಕ್ಕದಲ್ಲಿ ನಿಮಿಷಗಳನ್ನು ಹಿಂಡುವ ಆಸೆ ಎಲ್ಲ ಊರಿನಲ್ಲೂ ಇದೆ. 35ರ ಬದಲು 30 ಎಂದು ಬರೆದರೆ ಕಾಗದದ ಮೇಲೆ 300 ನಿಮಿಷ ಉಳಿಯುತ್ತದೆ, ಏಳು ಜನ ಆರೂ ಚಿಲ್ಲರೆಗೆ ಇಳಿಯುತ್ತಾರೆ. ಆ ಐದು ನಿಮಿಷ ಬರುವುದು ಕೆಲಸಗಾರರ ಸೊಂಟ, ಭುಜ, ಮಣಿಕಟ್ಟುಗಳಿಂದ. ದಪ್ಪ ಹಾಸಿಗೆಯ ಮೂಲೆ ಎತ್ತಿ ಬೆಡ್‌ಶೀಟ್ ಸಿಕ್ಕಿಸುವುದು, ಬಾಗಿ ಟಬ್ ಉಜ್ಜುವುದು, ತುಂಬಿದ ಟ್ರಾಲಿಯನ್ನು ಕಾರ್ಪೆಟ್ಟಿನ ಮೇಲೆ ತಳ್ಳುವುದು ದಿನಕ್ಕೆ ಹತ್ತಾರು ಸಲ ನಡೆಯುವ ಕೆಲಸಗಳು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2018ರಲ್ಲಿ ಹೋಟೆಲ್ ಹೌಸ್‌ಕೀಪಿಂಗ್ ಕೆಲಸಗಾರರ ಸ್ನಾಯು ಮತ್ತು ಮೂಳೆಗಳ ಗಾಯ ತಡೆಯಲೆಂದೇ ಪ್ರತ್ಯೇಕ ಸುರಕ್ಷತಾ ನಿಯಮ ತಂದಿತು. ಲಾಸ್ ಏಂಜಲೀಸ್ ನಗರ 2022ರಲ್ಲಿ ಇನ್ನೂ ಮುಂದೆ ಹೋಯಿತು. 60 ಅಥವಾ ಹೆಚ್ಚು ಕೋಣೆಗಳ ಹೋಟೆಲಿನಲ್ಲಿ ಒಬ್ಬರಿಂದ ಎಂಟು ಗಂಟೆಯ ದಿನದಲ್ಲಿ 3,500 ಚದರ ಅಡಿಗಿಂತ ಹೆಚ್ಚು ಜಾಗ ಸ್ವಚ್ಛ ಮಾಡಿಸಿದರೆ ಆ ದಿನದ ಎಲ್ಲ ಗಂಟೆಗಳಿಗೂ ಇಮ್ಮಡಿ ಕೂಲಿ ಕೊಡಬೇಕು ಎಂದಿತು.

ನಮ್ಮ ಮೈಸೂರಿನ ಉದಾಹರಣೆಯನ್ನು ಆ ಅಳತೆಗೆ ಹಿಡಿದರೆ ಏನಾಗುತ್ತದೆ? ನೂರು ಕೋಣೆಗೆ ಏಳು ಜನ, ಒಬ್ಬರಿಗೆ ಹದಿನಾಲ್ಕು ಚಿಲ್ಲರೆ ಕೋಣೆ. ಒಂದೊಂದು 250 ಚದರ ಅಡಿ ಇದ್ದರೆ ಆ ಮಿತಿಯನ್ನು ತುಸುವೇ ದಾಟುತ್ತದೆ. 35 ನಿಮಿಷವನ್ನು 30ಕ್ಕೆ ಇಳಿಸಿ ಆರು ಜನರಿಗೆ ಹಂಚಿದರೆ ಒಬ್ಬರ ಪಾಲು 4,000 ಚದರ ಅಡಿ ಮೀರುತ್ತದೆ. ಚದರ ಅಡಿಯ ಲೆಕ್ಕಕ್ಕೆ ಡಿಪಾರ್ಚರ್ ಮತ್ತು ಆಕ್ಯುಪೈಡ್ ರೂಮಿನ ವ್ಯತ್ಯಾಸ ತಾನಾಗಿ ತಿಳಿಯುವುದಿಲ್ಲ, ಆ ಮಟ್ಟಿಗೆ ನಿಮಿಷದ ಲೆಕ್ಕವೇ ಸೂಕ್ಷ್ಮ. ಆದರೆ ಚದರ ಅಡಿಯನ್ನು ಮ್ಯಾನೇಜರ್ ಪೆನ್ನಿನಿಂದ ಕಡಿಮೆ ಮಾಡಲಾಗುವುದಿಲ್ಲ. ನಿಮಿಷವನ್ನು ಮಾಡಬಹುದು. ಹಾಗಾಗಿ ನಿಮಿಷದ ಅಳತೆಯನ್ನು ಅಟೆಂಡೆಂಟ್‌ಗಳ ಎದುರಿನಲ್ಲಿ, ಅವರೂ ಒಪ್ಪುವಂತೆ ಮಾಡಿ, ಪ್ಯಾಂಟ್ರಿಯ ಗೋಡೆಗೆ ಅಂಟಿಸುವುದು ನ್ಯಾಯ.

ಏಳು ಜನ ಎಂದರೆ ಏಳು ಜನರನ್ನು ಮಾತ್ರ ನೇಮಿಸಿಕೊಂಡರೆ ಆಗದು. ಪ್ರತಿಯೊಬ್ಬರಿಗೂ ವಾರಕ್ಕೊಂದು ದಿನ ರಜೆ ಇದೆ. ವಾರಪೂರ್ತಿ ದಿನಕ್ಕೆ ಏಳು ಜನ ಬೇಕಾದರೆ 49 ಡ್ಯೂಟಿಗಳು, ಒಬ್ಬರಿಗೆ ಆರು. ಎಂಟು ಜನರಿಂದ 48 ಆಗುತ್ತದೆ, ಒಂದು ಉಳಿಯುತ್ತದೆ. ಒಂಬತ್ತನೆಯವರು ಬೇಕು, ಜ್ವರ, ಮದುವೆ, ಊರಹಬ್ಬಗಳಿಗೆ ಎಡೆ ಬಿಟ್ಟರೆ ಹತ್ತನೆಯವರೂ ಬೇಕಾದೀತು. ಮಾಮೂಲು ವಾರದಲ್ಲಿ ಮಂಗಳವಾರ, ಬುಧವಾರ ನಾಲ್ವರೇ ಸಾಕಾಗುವುದರಿಂದ ವಾರದ ರಜೆಗಳನ್ನು ಅಲ್ಲಿಗೆ ಸರಿಸಬಹುದು. ದಸರೆಯ ವಾರದಲ್ಲಿ ಅಂಥ ಬಿಡುವಿನ ದಿನವೇ ಇರುವುದಿಲ್ಲ. ದಸರೆ ಅಟೆಂಡೆಂಟ್‌ಗಳ ಮನೆಯಲ್ಲೂ ಹಬ್ಬ. ಆಯುಧಪೂಜೆಯ ದಿನ ಯಾರು ಮನೆಯಲ್ಲಿರುತ್ತಾರೆ, ವಿಜಯದಶಮಿಗೆ ಯಾರು ಎಂಬುದನ್ನು ಒಂದು ತಿಂಗಳ ಮೊದಲೇ ಕೂತು ಮಾತಾಡಿ ಬರೆಯದ ಹೋಟೆಲಿನಲ್ಲಿ ಆ ಬೆಳಿಗ್ಗೆ ಎರಡು ಟ್ರಾಲಿಗಳು ಪ್ಯಾಂಟ್ರಿಯಲ್ಲೇ ನಿಂತಿರುತ್ತವೆ.

ಜಂಬೂಸವಾರಿ ಮುಗಿದ ಮಾರನೆಯ ದಿನ ಲೆಕ್ಕ ಮತ್ತೆ ತಿರುಗುತ್ತದೆ. ನೂರೂ ಕೋಣೆಯವರು ಹೊರಡುತ್ತಾರೆ ಎನ್ನಿ. 3,500 ನಿಮಿಷದ ಕೆಲಸ, 420ರಿಂದ ಭಾಗಿಸಿದರೆ ಎಂಟು ಜನರಿಗೂ ಹೆಚ್ಚು. ದಸರೆಯ ಅತಿ ಒತ್ತಡದ ದಿನಕ್ಕಿಂತಲೂ ದೊಡ್ಡ ಅಂಕಿ. ಆದರೆ ಆ ರಾತ್ರಿಗೆ ಬರುವವರು ಮೂವತ್ತೇ ಜನ. ನೂರನ್ನೂ ಅದೇ ದಿನ ಮುಗಿಸಬೇಕೆಂದು ಹೊರಗಿನಿಂದ ಜನ ತರಿಸುವ ಅಗತ್ಯವೇ ಇಲ್ಲ. ಏಳು ಜನ 84 ಕೋಣೆ ಮುಗಿಸಬಲ್ಲರು. ಉಳಿದ 16ನ್ನು ಒಂದೇ ಮಹಡಿಯಲ್ಲಿ ಆರಿಸಿಕೊಂಡು, ಕಸ ಮತ್ತು ಮಾಸಿದ ಬಟ್ಟೆ ಮಾತ್ರ ಹೊರತೆಗೆದು, ಈ ಕೋಣೆಗಳನ್ನು ಇವತ್ತು ಮಾರಬೇಡಿ ಎಂದು ಫ್ರಂಟ್ ಆಫೀಸಿಗೆ ಬರೆದುಕೊಟ್ಟು ಬೀಗ ಹಾಕಬಹುದು. ಬೇಕಾದರೆ ಏಳರಲ್ಲಿ ಇಬ್ಬರನ್ನು ಮನೆಗೆ ಕಳಿಸಿ, ಐವರು 60 ಕೋಣೆ ಮುಗಿಸಿದರೂ ಬರುವ ಮೂವತ್ತು ಮಂದಿಗೆ ಸಾಕಾಗಿ ಮಿಗುತ್ತದೆ. ಹಬ್ಬದಲ್ಲಿ ಡ್ಯೂಟಿ ಮಾಡಿದವರ ಬಾಕಿ ರಜೆಯನ್ನು ಆ ದಿನದಿಂದಲೇ ತೀರಿಸಲು ಶುರುಮಾಡಬಹುದು.